ಅಮ್ಮನಿಗೆ: ಮಾತ್ರೆಯ ಆಪ್ ಹೊಂದಿಸುವ ಬಗೆ

ಅಮ್ಮಾ, ಕಳೆದ ವಾರ ಬಂದಾಗ ನಿನ್ನ ಫೋನಿಗೆ ಮಾತ್ರೆ ನೆನಪಿಸುವ ಆಪ್ ಹಾಕಿದ್ದೆನಾದರೂ, ಹೊರಡುವ ಗಡಿಬಿಡಿಯಲ್ಲಿ ಅದರೊಳಗೆ ಏನನ್ನೂ ತುಂಬಿಸಲಾಗಲಿಲ್ಲ. ಅದನ್ನು ನೀನೇ ಮಾಡಿಕೊಳ್ಳಬಹುದು, ಅರ್ಧ ಗಂಟೆ ಸಾಕು. ಕನ್ನಡಕ ಹಾಕಿಕೊಂಡು, ವೈದ್ಯರ ಚೀಟಿಯನ್ನೂ ಮಾತ್ರೆಯ ಪಟ್ಟಿಗಳನ್ನೂ ಎದುರಿಗಿಟ್ಟುಕೊಂಡು ಕುಳಿತುಕೋ. ಆಪಿನ ಗುರುತು ಮೊದಲ ಪರದೆಯ ಕೆಳಗಡೆ, ಫೋನ್ ಮಾಡುವ ಗುರುತಿನ ಪಕ್ಕದಲ್ಲೇ ಇದೆ.

ತೆರೆದ ಕೂಡಲೇ ಅದು ಅನುಮತಿ ಕೇಳುತ್ತದೆ. ಇಂಥ ಪ್ರಶ್ನೆಗಳಿಗೆಲ್ಲ ‘ಬೇಡ’ ಎಂದು ಒತ್ತು ಎಂದು ನಿನಗೆ ಹೇಳಿಕೊಟ್ಟವನು ನಾನೇ, ಆದರೆ ಇಲ್ಲಿ Allow ಎಂಬುದನ್ನೇ ಒತ್ತಬೇಕು, ಇಲ್ಲದಿದ್ದರೆ ಗಂಟೆ ಬಾರಿಸುವುದಿಲ್ಲ. ಫೋಟೊ ಅಥವಾ ಸಂಪರ್ಕಗಳ ಪಟ್ಟಿಯನ್ನು ಕೇಳಿದರೆ ಮಾತ್ರ ಕೊಡಬೇಡ. ಮಾತ್ರೆ ನೆನಪಿಸಲು ಅವೆರಡೂ ಬೇಕಿಲ್ಲ.

ಅನಂತರ + ಗುರುತನ್ನು ಒತ್ತಿದರೆ ಮಾತ್ರೆಯ ಹೆಸರನ್ನು ಬರೆಯುವ ಜಾಗ ತೆರೆದುಕೊಳ್ಳುತ್ತದೆ. ಪಟ್ಟಿಯ ಮೇಲಿರುವ ಉದ್ದನೆಯ ಇಂಗ್ಲಿಷ್ ಹೆಸರನ್ನು ಟೈಪ್ ಮಾಡುತ್ತಾ ಬೇಸರಪಡುವ ಅಗತ್ಯವಿಲ್ಲ. ‘ಥೈರಾಯ್ಡ್ – ಸಣ್ಣ ಬಿಳಿ’ ಎಂದು ಕನ್ನಡದಲ್ಲೇ ಬರೆದರೂ ಆಗುತ್ತದೆ. ಎಷ್ಟು ಮೈಕ್ರೋಗ್ರಾಂ, ಎಷ್ಟು ಮಿಲಿಗ್ರಾಂ ಎಂಬುದನ್ನು ಮಾತ್ರ ಚೀಟಿಯಲ್ಲಿರುವಂತೆಯೇ ಸೇರಿಸು. ವೈದ್ಯರು ಪ್ರಮಾಣವನ್ನು ಬದಲಿಸಿದಾಗ ಹಳೆಯ ಪಟ್ಟಿ ಯಾವುದು, ಹೊಸದು ಯಾವುದು ಎಂದು ತಿಳಿಯುವುದು ಅದರಿಂದಲೇ.

ಸಮಯ ಹಾಕುವಲ್ಲಿ ಹೆಚ್ಚು ಎಚ್ಚರ ಬೇಕು. ಥೈರಾಯ್ಡ್ ಮಾತ್ರೆ ಬೆಳಿಗ್ಗೆ 6 ಗಂಟೆಗೆ, ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನೊಂದಿಗೆ. ಅದಾದ ಮೇಲೆ ಕಾಫಿಗೂ ತಿಂಡಿಗೂ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ತಡೆದುಕೊಳ್ಳಬೇಕು. ಬಿ.ಪಿ. ಮಾತ್ರೆಗೆ ಬೆಳಿಗ್ಗೆ 9 ಗಂಟೆ ಇರಲಿ. ಕ್ಯಾಲ್ಸಿಯಂ ಮಾತ್ರೆಯನ್ನು ರಾತ್ರಿ ಊಟದ ಹೊತ್ತಿಗೆ, 8 ಗಂಟೆಗೆ ಇಡು. ‘ಎಲ್ಲವನ್ನೂ ಬೆಳಿಗ್ಗೆಯೇ ನುಂಗಿಬಿಟ್ಟರೆ ಒಂದೇ ಕೆಲಸ’ ಎಂದು ನೀನು ಅಂದಿದ್ದೆಯಲ್ಲ, ಹಾಗೆ ಮಾಡಬಾರದು: ಕ್ಯಾಲ್ಸಿಯಂ ಜೊತೆಗಿದ್ದರೆ ಥೈರಾಯ್ಡ್ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ, ಆದ್ದರಿಂದ ಎರಡರ ನಡುವೆ ಕನಿಷ್ಠ 4 ಗಂಟೆಗಳ ಅಂತರವಿರಬೇಕು. ಗಂಟೆಯ ಪಕ್ಕದಲ್ಲಿರುವ AM ಎಂದರೆ ಮಧ್ಯರಾತ್ರಿಯಿಂದ ಮಧ್ಯಾಹ್ನದವರೆಗೆ, PM ಎಂದರೆ ಮಧ್ಯಾಹ್ನದಿಂದ ಮಧ್ಯರಾತ್ರಿಯವರೆಗೆ. ಇವೆರಡನ್ನು ಅದಲುಬದಲು ಮಾಡಿ ನಾನೇ ಒಮ್ಮೆ ಬೆಳಗಿನ ಅಲಾರಾಂ ಅನ್ನು ಸಂಜೆಗೆ ಇಟ್ಟು ರೈಲು ತಪ್ಪಿಸಿಕೊಂಡಿದ್ದೇನೆ.

ಈ ಮೂರಕ್ಕೂ Every day ಎಂದು ಆರಿಸು. ವಿಟಮಿನ್ ಡಿ ಮಾತ್ರೆ ವಾರಕ್ಕೆ ಒಂದೇ, ಅದೂ ಎಂಟು ವಾರ ಮಾತ್ರ ಎಂದು ಚೀಟಿಯಲ್ಲಿದೆ. ಆದ್ದರಿಂದ Specific days ಎಂಬುದನ್ನು ಆರಿಸಿ ಭಾನುವಾರವನ್ನಷ್ಟೇ ಗುರುತಿಸಿ, ಮುಗಿಯುವ ದಿನಾಂಕವನ್ನೂ ಹಾಕು. ಇಲ್ಲಿ ಮರೆತು Every day ಇಟ್ಟರೆ ವಾರದ ಮಾತ್ರೆಯನ್ನು ದಿನವೂ ನುಂಗುವಂತಾಗುತ್ತದೆ. ಒಂದೊಂದನ್ನೂ ಮುಗಿಸಿದ ಮೇಲೆ Save ಒತ್ತಲು ಮರೆಯಬೇಡ.

ಗಂಟೆ ಬಾರಿಸಿದಾಗ ಪರದೆಯ ಮೇಲೆ Taken, Skip, Snooze ಎಂಬ ಮೂರು ಪದಗಳು ಕಾಣುತ್ತವೆ. ಸದ್ದು ನಿಲ್ಲಲಿ ಎಂದು Taken ಒತ್ತಿ, ಆಮೇಲೆ ನುಂಗಿದರಾಯಿತು ಎಂದುಕೊಳ್ಳಬೇಡ. ಮಾತ್ರೆ ಗಂಟಲಿನಿಂದ ಇಳಿದ ಮೇಲೆಯೇ ಅದನ್ನು ಒತ್ತಬೇಕು. ಕೈಯಲ್ಲಿ ಬೇರೆ ಕೆಲಸವಿದ್ದರೆ Snooze ಒತ್ತಿದರಾಯಿತು, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಕರೆಯುತ್ತದೆ. ಹೋದ ತಿಂಗಳು ಬಿ.ಪಿ. ಮಾತ್ರೆ ತೆಗೆದುಕೊಂಡೆನೋ ಇಲ್ಲವೋ ಎಂಬ ಅನುಮಾನದಲ್ಲಿ ಇನ್ನೊಂದನ್ನು ನುಂಗಿ, ಸಂಜೆಯವರೆಗೂ ತಲೆಸುತ್ತಿನಿಂದ ಮಲಗಿದ್ದೆಯಲ್ಲ, ಈ ಆಪ್ ಹಾಕಿದ್ದೇ ಅದು ಮರುಕಳಿಸಬಾರದೆಂದು. ಗುರುತು ನಿಜವಾಗಿದ್ದರೆ ಮಾತ್ರ ಅದನ್ನು ನೋಡಿ ಅನುಮಾನ ತೀರಿಸಿಕೊಳ್ಳಬಹುದು. ಒಂದು ಹೊತ್ತಿನ ಮಾತ್ರೆ ತಪ್ಪಿತೆಂದು ಮುಂದಿನ ಹೊತ್ತಿಗೆ ಎರಡನ್ನು ಸೇರಿಸಿ ನುಂಗಬೇಡ. ವೈದ್ಯರಿಗೋ ನನಗೋ ಫೋನ್ ಮಾಡು.

ಇನ್ನೊಂದು ತೊಡಕಿದೆ. ಬ್ಯಾಟರಿ ಉಳಿಸುವ ನೆಪದಲ್ಲಿ ಫೋನು ಕೆಲವು ಆಪ್‌ಗಳನ್ನು ತಾನಾಗಿಯೇ ಮಲಗಿಸಿಬಿಡುತ್ತದೆ. ಆಪಿನ ಗುರುತನ್ನು ಬೆರಳಿನಿಂದ ಒತ್ತಿ ಹಿಡಿದು, App info ತೆರೆದು, ಅಲ್ಲಿ Battery ಒಳಗೆ Unrestricted ಎಂಬುದನ್ನು ಆರಿಸು. ಸಿಗದಿದ್ದರೆ ಹುಡುಕುತ್ತಾ ಕೂರಬೇಡ, ವಿಡಿಯೊ ಕರೆಯಲ್ಲಿ ನಾನು ತೋರಿಸುತ್ತೇನೆ.

ಮನೆಯವರ ಫೋನಿಗೂ ಸುದ್ದಿ ಹೋಗುವ ಸೌಲಭ್ಯ ಇದರಲ್ಲಿದೆ. ನಾನದನ್ನು ಬೇಕೆಂದೇ ಜೋಡಿಸಿಲ್ಲ. ಪ್ರತಿ ಮಾತ್ರೆಗೂ ಮಗ ಕಾವಲು ಕೂತಂತೆ ನಿನಗೆ ಅನ್ನಿಸಬಾರದು. ನಿನಗೇ ಬೇಕೆನಿಸಿದರೆ ಹೇಳು.

ಎಲ್ಲ ತುಂಬಿದ ಮೇಲೆ ‘ಪರೀಕ್ಷೆ’ ಎಂಬ ಹೆಸರಿನಲ್ಲಿ ಐದು ನಿಮಿಷ ಮುಂದಿನ ಸಮಯ ಹಾಕಿ, ಫೋನಿನ ಪರದೆಯನ್ನು ಆಫ್ ಮಾಡಿ, ಪಕ್ಕದ ಕೋಣೆಯಲ್ಲಿ ಕುಳಿತು ಸದ್ದು ಕೇಳಿಸುತ್ತದೆಯೇ ನೋಡು. ಕೇಳಿಸಿದರೆ ಅದನ್ನು ಅಳಿಸಿಬಿಟ್ಟು, ಮಾತ್ರೆಗಳ ಪಟ್ಟಿ ಕಾಣುವ ಪರದೆಯನ್ನು ಅಪ್ಪನ ಫೋನಿನಿಂದ ಚಿತ್ರ ತೆಗೆದು ನನಗೆ ಕಳುಹಿಸು. ನಾನು ಚೀಟಿಯ ಪ್ರತಿಯೊಂದಿಗೆ ಹೋಲಿಸಿ ನೋಡಿ ಹೇಳುವವರೆಗೂ ನಿನ್ನ ಹಳೆಯ ಮಾತ್ರೆ ಡಬ್ಬಿ ಇದ್ದಲ್ಲೇ ಇರಲಿ.

ನಿನ್ನ ಮಗ,
ಸುರೇಶ