ಹವಾ

ಸೌದಿಯ ದಮ್ಮಾಮಿನಿಂದ ರಜೆಗೆ ಬಂದಾಗಲೆಲ್ಲ ಅಜ್ಜ ಕೇಳುವುದು ಒಂದೇ. "ಅಲ್ಲಿ ಏನ್ ಕೆಲಸ ಮಾಡ್ತೀಯೋ ನೀನು?"

ಜಗಳೂರು ಕಡೆಯ ಹಳ್ಳಿ ನಮ್ಮದು. ಮನೆ ಮುಂದೆ ಹಳೇ ಹಗೇವು ಇದೆ. ಈಗ ಅದರಲ್ಲಿ ಜೋಳ ತುಂಬುವುದಿಲ್ಲ, ಬಾಯಿಗೆ ಚಪ್ಪಡಿ ಮುಚ್ಚಿದೆ. ಈ ಸಲ ಅದರ ಮೇಲೆ ಕೂತು ಉಸ್ಮಾನನ ವಿಷಯ ಹೇಳಿದೆ.

ಉಸ್ಮಾನ್ ಸೂಡಾನಿನವನು. ಕೆಲಸಕ್ಕೆ ಸೇರಿ ನಾಲ್ಕೇ ದಿನ. ನಮಗೆ ಒಂದು ಕಬ್ಬಿಣದ ಟ್ಯಾಂಕ್ ತೊಳೆಯಲು ಹೇಳಿದ್ದರು. ಮುಚ್ಚಳದ ಹತ್ತಿರ ಬೋರ್ಡ್ ಇತ್ತು, ಬರೀ ಇಂಗ್ಲಿಷಿನಲ್ಲಿ. ಅಪಾಯ. ಇಕ್ಕಟ್ಟಿನ ಜಾಗ. ಪರ್ಮಿಟ್ ಇಲ್ಲದೆ ಒಳಗೆ ಇಳಿಯಬೇಡಿ. ಮೊದಲು ಗಾಳಿ ಪರೀಕ್ಷಿಸಿ.

ಉಸ್ಮಾನನಿಗೆ ಅರಬ್ಬಿ ಬಿಟ್ಟು ಬೇರೆ ಓದಲು ಬರದು. ಬಗ್ಗಿ ನೋಡಿ, "ಖಾಲಿ" ಅಂದ. ಆಗಲೇ ಏಣಿಗೆ ಕಾಲಿಟ್ಟಿದ್ದ.

"ಖಾಲಿನಾ? ನಮ್ಮ ಮಾತೇ ಅಲ್ವಾ ಅದು?" ಅಂದ ಅಜ್ಜ.

"ಅವರದೂ ಅದೇ ಅಜ್ಜ."

ನಾನು ಅವನ ತೋಳು ಹಿಡಿದೆ. ನನ್ನ ಅರಬ್ಬಿ ಸೈಟಿನಲ್ಲಿ ಕೇಳಿ ಕಲಿತದ್ದು, ಅಷ್ಟಕ್ಕಷ್ಟೇ. ಬೋರ್ಡಿನ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಹೇಳಿದೆ. "ಖತರ್." ಅಪಾಯ. "ಬಿದೂನ್ ವರಕಾ, ಮಮ್ನೂ." ಕಾಗದ ಇಲ್ಲದೆ ಹೋಗುವಂತಿಲ್ಲ. "ಜುವ್ವಾ, ಹವಾ ಮಾಫೀ." ಒಳಗೆ ಹವಾ ಇಲ್ಲ.

ಅವನು ನಕ್ಕ. ಟ್ಯಾಂಕ್ ಒಣಗಿತ್ತು, ವಾಸನೆ ಇರಲಿಲ್ಲ. ಹವಾ ಇಲ್ಲ ಅಂದರೆ ಯಾರು ನಂಬುತ್ತಾರೆ? ತಿಂಗಳುಗಟ್ಟಲೆ ಮುಚ್ಚಿಟ್ಟ ಕಬ್ಬಿಣ ತುಕ್ಕು ಹಿಡಿಯುತ್ತಾ ಒಳಗಿನ ಆಮ್ಲಜನಕವನ್ನೇ ತಿಂದುಬಿಡುತ್ತದೆ. ಇದನ್ನೆಲ್ಲ ಹೇಳುವಷ್ಟು ಅರಬ್ಬಿ ನನ್ನಲ್ಲಿರಲಿಲ್ಲ.

"ಆಗ ನಿನ್ನ ಲಾಟೀನು ನೆನಪಾಯ್ತು ಅಜ್ಜ."

ಹಗೇವು ತೆಗೆದ ದಿನ ಅಜ್ಜ ಯಾರನ್ನೂ ತಕ್ಷಣ ಇಳಿಸುತ್ತಿರಲಿಲ್ಲ. ಮೊದಲು ಹಗ್ಗ ಕಟ್ಟಿ ಲಾಟೀನು ಬಿಡುತ್ತಿದ್ದ. ಅದು ಆರಿದರೆ ನಮ್ಮನ್ನೆಲ್ಲ ದೂರ ಓಡಿಸುತ್ತಿದ್ದ. ಉಸ್ಮಾನನಿಗೆ ಅದನ್ನೇ ಹೇಳಿದೆ, ಅರ್ಧ ಮಾತು, ಅರ್ಧ ಕೈಸನ್ನೆ. ಜದ್ದಿ, ನೆಲದಲ್ಲಿ ಗುಂಡಿ, ದೀಪ ಕೆಳಗೆ, ದೀಪ ಆರಿತು, ಇಳಿದರೆ ಮೌತ್.

ಅವನ ನಗು ನಿಂತಿತು. ಏಣಿಯಿಂದ ಕಾಲು ತೆಗೆದ.

"ನೀವೂ ದೀಪ ಇಳಿಸಿದ್ರಾ?"

"ಇಲ್ಲ ಅಜ್ಜ. ಅಲ್ಲಿ ಗ್ಯಾಸ್ ಇದ್ದರೆ ಬೆಂಕಿ ಹತ್ತಿಕೊಳ್ಳುತ್ತೆ. ಸೇಫ್ಟಿಯವರು ಬಂದು ಮೀಟರ್ ಇಳಿಸಿದರು. ಆಮ್ಲಜನಕ ಶೇಕಡಾ 19.5ಕ್ಕಿಂತ ಕಮ್ಮಿ ಇದ್ದರೆ ಇಳಿಯುವಂತಿಲ್ಲ. 14 ತೋರಿಸಿತು. ಮಧ್ಯಾಹ್ನದವರೆಗೆ ಬ್ಲೋವರ್ ಹಾಕಿ ಗಾಳಿ ಬಿಟ್ಟರು. 20.9 ಬಂದ ಮೇಲೆ ಇಳಿದ. ಮೇಲೆ ನಾನು ಹಗ್ಗ ಹಿಡಿದು ನಿಂತಿದ್ದೆ."

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಜದ್ದಿ ಅಂದ್ರೆ?"

"ನಮ್ಮಜ್ಜ ಅಂತ."

"ಜದ್ದಿ," ಅಂತ ನಿಧಾನವಾಗಿ ಅಂದು ನೋಡಿದ. ಆಮೇಲೆ ಕೇಳಿದ, "ಆ ಹುಡುಗನಿಗೆ ಮನೇಲಿ ಯಾರಿದಾರೆ?"

"ತಾಯಿ ಇದಾರೆ. ಇಬ್ಬರು ತಂಗಿಯರು."