ಮೊಬೈಲ್ ಇ-ಸ್ಪೋರ್ಟ್ಸ್ ಟೂರ್ನಮೆಂಟ್‌ಗೆ ಅನುಮತಿ ಮತ್ತು ಸೆಮಿನಾರ್ ಹಾಲ್ ಕೋರಿ ಮನವಿ

ಕೊಪ್ಪಳ
ದಿನಾಂಕ: 01-12-2025

ಇವರಿಂದ:
ಬಸವರಾಜ
ಬಿ.ಸಿ.ಎ. ಅಂತಿಮ ವರ್ಷ

ಇವರಿಗೆ:
ಪ್ರಾಂಶುಪಾಲರು
ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಕೊಪ್ಪಳ

ವಿಷಯ: 13-12-2025ರ ಶನಿವಾರ ಬಿಜಿಎಂಐ ಟೂರ್ನಮೆಂಟ್ ನಡೆಸಲು ಅನುಮತಿ ಹಾಗೂ ಸೆಮಿನಾರ್ ಹಾಲ್ ಕೋರಿ.

ಮಾನ್ಯರೇ,

ನಮ್ಮ ಕಾಲೇಜಿನ ವಿದ್ಯಾರ್ಥಿಗಳಿಗಾಗಿ ಬಿಜಿಎಂಐ ಎಂಬ ಮೊಬೈಲ್ ಗೇಮ್‌ನ ಟೂರ್ನಮೆಂಟ್ ಮಾಡಬೇಕೆಂದಿದ್ದೇವೆ. ಅವತ್ತು ತರಗತಿ ಮುಗಿದ ಮೇಲೆ, ಮಧ್ಯಾಹ್ನ 12ರಿಂದ 3.30ರವರೆಗೆ ಸೆಮಿನಾರ್ ಹಾಲ್ ಬೇಕಿತ್ತು.

ಮೊಬೈಲ್ ಗೇಮ್‌ಗೆ ಹಾಲ್ ಯಾಕೆ ಅಂತ ತಾವು ಕೇಳಬಹುದು. ಮನೆಯಿಂದ ಆಡಿದರೆ ಒಬ್ಬರ ಐಡಿಯಲ್ಲಿ ಇನ್ನೊಬ್ಬರು ಆಡುತ್ತಾರೆ, ಹ್ಯಾಕ್ ಹಾಕಿದರೂ ಗೊತ್ತಾಗುವುದಿಲ್ಲ. ಎಲ್ಲರೂ ಕಣ್ಣೆದುರು ಕೂತರೆ ಆ ತಕರಾರು ಇರುವುದಿಲ್ಲ. ಇದಕ್ಕಿಂತ ದೊಡ್ಡ ಕಾರಣ ನಮ್ಮ ಹುಡುಗಿಯರು. ಚೆನ್ನಾಗಿ ಆಡುವವರಿದ್ದಾರೆ. ಆದರೆ ಹೊರಗೆ ಯಾವುದೋ ರೂಮಿನಲ್ಲಿ ಆಟ ಇಟ್ಟರೆ ಅವರು ಬರುವುದಿಲ್ಲ, ಮನೆಯಲ್ಲೂ ಕಳಿಸುವುದಿಲ್ಲ. ಕಾಲೇಜಿನಲ್ಲೇ, ಮೇಡಂ ಒಬ್ಬರ ಎದುರಿಗೆ ಅಂದರೆ ಬರುತ್ತೇವೆ ಎಂದು ಎರಡು ಟೀಮ್‌ನವರು ಹೇಳಿದ್ದಾರೆ. ಯಲಬುರ್ಗಾ, ಕುಕನೂರು ಕಡೆಯವರಿಗೆ ಸಂಜೆ ಬಸ್ ಸಿಗಬೇಕಲ್ವಾ, ಅದಕ್ಕೇ 3.30ಕ್ಕೆ ಮುಗಿಸುತ್ತೇವೆ.

ಟೀಮಿಗೆ ನಾಲ್ವರಂತೆ 16 ಟೀಮ್, ಒಟ್ಟು 64 ಆಟಗಾರರು. ಒಂದು ಮ್ಯಾಚ್‌ಗೆ ಸುಮಾರು ಅರ್ಧ ಗಂಟೆ. ಎಲ್ಲ ಟೀಮೂ ಒಟ್ಟಿಗೆ ಆಡುವ ಮೂರು ಮ್ಯಾಚ್, ನಡುವೆ ಊಟದ ಬಿಡುವು. ಗೇಮ್‌ನೊಳಗೆ ನಮ್ಮವರಿಗಷ್ಟೇ ತೆರೆಯುವ ಕಸ್ಟಮ್ ರೂಮಿನ ಪಾಸ್‌ವರ್ಡ್ ಹಾಲ್‌ನಲ್ಲಿ ಕೂತವರಿಗೆ ಮಾತ್ರ ಕೊಡುತ್ತೇವೆ. ಗೆದ್ದ ಟೀಮಿಗೆ 10, ಎರಡನೆಯದಕ್ಕೆ 6, ಮೂರನೆಯದಕ್ಕೆ 5 ಹೀಗೆ ಪಾಯಿಂಟ್, ಪ್ರತಿ ಕಿಲ್‌ಗೆ 1. ಪ್ರೊಜೆಕ್ಟರ್‌ನಲ್ಲಿ ಪಾಯಿಂಟ್ ಪಟ್ಟಿ ಅಷ್ಟೇ ಹಾಕುತ್ತೇವೆ. ಆಟವನ್ನೇ ತೋರಿಸಿದರೆ ಎದುರಾಳಿ ಎಲ್ಲಿ ಅಡಗಿದ್ದಾನೆ ಎಂದು ಎಲ್ಲರಿಗೂ ತಿಳಿದುಬಿಡುತ್ತದೆ.

ಕಾಲೇಜಿನ ವೈಫೈ ಬೇಡ. ಅಷ್ಟು ಫೋನ್ ಒಂದೇ ವೈಫೈಗೆ ಸೇರಿದರೆ ಪಿಂಗ್ ಏರಿ, ಅಂದರೆ ನೆಟ್ ತಡವಾಗಿ, ಆಟ ಕೆಡುತ್ತದೆ. ಎಲ್ಲರೂ ತಮ್ಮ ತಮ್ಮ ಡೇಟಾದಲ್ಲೇ ಆಡುತ್ತಾರೆ. ಫ್ಯಾನ್ ಮತ್ತು ಚಾರ್ಜಿಂಗ್‌ಗೆ ಪ್ಲಗ್ ಪಾಯಿಂಟ್ ಇದ್ದರೆ ಸಾಕು. ಎಕ್ಸ್‌ಟೆನ್ಷನ್ ಬೋರ್ಡ್ ನಾವೇ ತರುತ್ತೇವೆ.

ದುಡ್ಡಿನ ವಿಷಯ ಸ್ಪಷ್ಟವಾಗಿ ಹೇಳಬೇಕು. ಪ್ರವೇಶ ಶುಲ್ಕ ಇಲ್ಲ, ಬೆಟ್ಟಿಂಗ್ ಇಲ್ಲ, ನಗದು ಬಹುಮಾನವೂ ಇಲ್ಲ. ಟ್ರೋಫಿ ಮತ್ತು ಪ್ರಮಾಣಪತ್ರದ ಖರ್ಚು ಅಂತಿಮ ವರ್ಷದವರದ್ದು. 2025ರಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೂಡ ಹಣ ಕಟ್ಟಿ ಆಡುವ ಆಟವನ್ನು ನಿಷೇಧಿಸಿ, ಇ-ಸ್ಪೋರ್ಟ್ಸನ್ನು ಬೇರೆಯಾಗಿಯೇ ನೋಡುತ್ತದೆ. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್‌ಗೆ ಪದಕವೂ ಇತ್ತು.

ಗುಂಡು ಹಾರಿಸುವ ಆಟ ಎಂಬ ಅಳುಕು ತಮಗಿದ್ದರೆ ಅದು ಸಹಜ. ಆದರೆ ಇದರಲ್ಲಿ ಗೆಲ್ಲಿಸುವುದು ನಾಲ್ವರ ಹೊಂದಾಣಿಕೆ. ಒಬ್ಬರ ಮಾತು ಒಬ್ಬರು ಕೇಳದ ಟೀಮ್ ಬೇಗ ಹೊರಬೀಳುತ್ತದೆ. 18 ತುಂಬಿದವರಿಗೆ ಮಾತ್ರ ಅವಕಾಶ, ಐಡಿ ಕಾರ್ಡ್ ನೋಡಿಯೇ ಒಳಗೆ ಬಿಡುತ್ತೇವೆ. ಇಯರ್‌ಫೋನ್ ಕಡ್ಡಾಯ, ಬೈಗುಳ ಆಡಿದರೆ ಆ ಟೀಮ್ ಹೊರಗೆ.

ದೈಹಿಕ ಶಿಕ್ಷಣ ವಿಭಾಗದ ಸರ್ ಮತ್ತು ಮೇಡಂ ಒಬ್ಬರನ್ನು ಮೇಲ್ವಿಚಾರಣೆಗೆ ನೇಮಿಸಬೇಕೆಂದು ಕೋರುತ್ತೇವೆ. ಆಟ ಮುಗಿದ ಮೇಲೆ ಬೆಂಚು ಮೊದಲಿನಂತೆ ಜೋಡಿಸಿ, ಕಸ ಗುಡಿಸಿ, ಕೀಲಿಯನ್ನು ಆಫೀಸಿಗೆ ಒಪ್ಪಿಸುತ್ತೇವೆ. ಹೆಸರು ನೋಂದಣಿ ಶುರು ಮಾಡಬೇಕಿರುವುದರಿಂದ 6ನೇ ತಾರೀಖಿನೊಳಗೆ ತಮ್ಮ ಒಪ್ಪಿಗೆ ತಿಳಿಸಬೇಕಾಗಿ ವಿನಂತಿ.

ತಮ್ಮ ವಿಧೇಯ ವಿದ್ಯಾರ್ಥಿ,
ಬಸವರಾಜ
(ಬಿ.ಸಿ.ಎ. ಅಂತಿಮ ವರ್ಷದ ವಿದ್ಯಾರ್ಥಿಗಳ ಪರವಾಗಿ)