ಓಎಸ್ ಇಂಟರ್‌ವ್ಯೂ: ಮೆಮೊರಿ ಮ್ಯಾನೇಜ್‌ಮೆಂಟ್‌ನಲ್ಲಿ ಕೇಳುವ ಪ್ರಶ್ನೆಗಳು, ಉತ್ತರಗಳು

7ನೇ ಸೆಮ್‌ನಲ್ಲಿ ಪ್ಲೇಸ್‌ಮೆಂಟ್‌ಗೆ ಕೂರುವ ಸಿಎಸ್, ಐಎಸ್‌ನವರಿಗೆ ಇದು. ಡೆಫಿನಿಷನ್ ಒಪ್ಪಿಸಿದ ಮೇಲೆ "ಯಾಕೆ?", "ಎಷ್ಟು?" ಅಂತ ಕೇಳ್ತಾರಲ್ಲ, ಕೆಲಸ ಸಿಗೋದು ಬಿಡೋದು ಅಲ್ಲೇ. ಅದಕ್ಕೆ ಆ ಎರಡನೇ ಪ್ರಶ್ನೆಯನ್ನೂ ಸೇರಿಸಿದ್ದೇನೆ.

ಪ್ರ: ಲಾಜಿಕಲ್ ಅಡ್ರೆಸ್, ಫಿಸಿಕಲ್ ಅಡ್ರೆಸ್‌ಗೆ ಏನು ವ್ಯತ್ಯಾಸ?
ಪ್ರೋಗ್ರಾಂ ಬಳಸುವುದು ಲಾಜಿಕಲ್. ರ‍್ಯಾಮ್‌ನಲ್ಲಿ ನಿಜವಾಗಿ ಇರುವ ಜಾಗ ಫಿಸಿಕಲ್. ಒಂದನ್ನು ಇನ್ನೊಂದಾಗಿ ಬದಲಿಸುವುದು ಎಂಎಂಯು ಅನ್ನುವ ಹಾರ್ಡ್‌ವೇರ್. "ಪ್ರತಿ ಸಲ ಓಎಸ್ ಬದಲಿಸುತ್ತದೆ" ಅಂದರೆ ಸಿಕ್ಕಿಬಿದ್ದಿರಿ. ಓಎಸ್ ಪೇಜ್ ಟೇಬಲ್ ರೆಡಿ ಮಾಡಿಕೊಡುತ್ತದೆ, ಅಷ್ಟೇ.

ಪ್ರ: ಇಂಟರ್ನಲ್, ಎಕ್ಸ್‌ಟರ್ನಲ್ ಫ್ರಾಗ್ಮೆಂಟೇಷನ್?
ಪ್ರೋಸೆಸ್ 10 ಕೆಬಿ, ಪೇಜ್ 4 ಕೆಬಿ ಅನ್ನಿ. 3 ಪೇಜ್ ಕೊಡಬೇಕು, ಕೊನೆಯದರಲ್ಲಿ 2 ಕೆಬಿ ದಂಡ. ಇದು ಇಂಟರ್ನಲ್. 20 ಎಂಬಿಯ ಮೂರು ಖಾಲಿ ಜಾಗ ಅಲ್ಲೊಂದು ಇಲ್ಲೊಂದು ಇವೆ, 50 ಎಂಬಿ ಒಟ್ಟಿಗೆ ಬೇಕು, ಸಿಗಲ್ಲ. ಇದು ಎಕ್ಸ್‌ಟರ್ನಲ್. ಪೇಜಿಂಗ್ ಎರಡನೆಯದನ್ನು ತಪ್ಪಿಸುತ್ತದೆ, ಮೊದಲನೆಯದನ್ನಲ್ಲ.

ಪ್ರ: 32 ಬಿಟ್ ಅಡ್ರೆಸ್, 4 ಕೆಬಿ ಪೇಜ್, ಒಂದೊಂದು ಎಂಟ್ರಿ 4 ಬೈಟ್. ಪೇಜ್ ಟೇಬಲ್ ಎಷ್ಟು ದೊಡ್ಡದು?
ಇದು ಬಂದೇ ಬರುತ್ತದೆ ಅಂದುಕೊಂಡು ಹೋಗಿ. 4 ಕೆಬಿ ಅಂದರೆ 2^12, ಹಾಗಾಗಿ ಆಫ್‌ಸೆಟ್‌ಗೆ 12 ಬಿಟ್. ಉಳಿದ 20 ಬಿಟ್ ಪೇಜ್ ನಂಬರ್.

```
2^20 * 4 bytes = 4 MB
```

ಇದು ಒಂದು ಪ್ರೋಸೆಸ್‌ಗೆ ಮಾತ್ರ. 100 ಪ್ರೋಸೆಸ್ ಇದ್ದರೆ 400 ಎಂಬಿ ಬರೀ ಟೇಬಲ್‌ಗೇ ಹೋಯಿತು, ಅಲ್ವಾ? "ಹಾಗಾದರೆ ಏನು ಮಾಡ್ತೀರಿ?" ಅನ್ನುತ್ತಾರೆ. ಎರಡು ಹಂತದ ಟೇಬಲ್ ಅನ್ನಿ. 20 ಬಿಟ್ಟನ್ನು 10, 10 ಆಗಿ ಒಡೆದರೆ ಬಳಸದ ಭಾಗಕ್ಕೆ ಒಳಗಿನ ಟೇಬಲ್ಲೇ ಬೇಕಿಲ್ಲ. ಕೋಡ್, ಹೀಪ್ ಎರಡೂ ಕೆಳಗಿನ 4 ಎಂಬಿಯಲ್ಲಿ, ಸ್ಟ್ಯಾಕ್ ಮೇಲಿನ 4 ಎಂಬಿಯಲ್ಲಿ ಇರುವ ಪುಟ್ಟ ಪ್ರೋಸೆಸ್‌ಗೆ ಹೊರಗಿನದು ಒಂದು, ಒಳಗಿನವು ಎರಡು, ಒಟ್ಟು 12 ಕೆಬಿ ಸಾಕು.

ಪ್ರ: ಟಿಎಲ್‌ಬಿ ಯಾಕೆ ಬೇಕು?
ಪೇಜ್ ಟೇಬಲ್ಲೂ ರ‍್ಯಾಮ್‌ನಲ್ಲೇ ಇರುವುದರಿಂದ ಒಂದು ಡೇಟಾ ಓದೋಕೆ ಎರಡು ಸಲ ಮೆಮೊರಿಗೆ ಹೋಗಬೇಕು. ಇತ್ತೀಚೆಗೆ ಬಳಸಿದ ಎಂಟ್ರಿಗಳನ್ನು ಇಟ್ಟುಕೊಳ್ಳುವ ಚಿಕ್ಕ, ವೇಗದ ಕ್ಯಾಶ್ ಟಿಎಲ್‌ಬಿ. ಲೆಕ್ಕ ಕೊಡುತ್ತಾರೆ: ಟಿಎಲ್‌ಬಿ 10 ಎನ್‌ಎಸ್, ಮೆಮೊರಿ 100 ಎನ್‌ಎಸ್, ಹಿಟ್ 90%.

```
0.9 * (10 + 100) + 0.1 * (10 + 100 + 100) = 120 ns
```

ಪೇಜ್ ಟೇಬಲ್ ಒಂದೇ ಹಂತದ್ದು ಅಂದುಕೊಂಡಿದ್ದೇನೆ ಅಂತ ಬಾಯಿಬಿಟ್ಟು ಹೇಳಿ. ಎರಡು ಹಂತ ಇದ್ದರೆ ಮಿಸ್ ಆದಾಗ ಇನ್ನೊಂದು 100 ಸೇರುತ್ತದೆ.

ಪ್ರ: ಪೇಜ್ ಫಾಲ್ಟ್ ಅಂದರೆ ಎರರ್ರಾ?
ಅಲ್ಲ. ಬೇಕಾದ ಪೇಜ್ ರ‍್ಯಾಮ್‌ನಲ್ಲಿ ಇಲ್ಲದಿದ್ದರೆ ಸಿಪಿಯು ಓಎಸ್‌ಗೆ ಟ್ರ್ಯಾಪ್ ಮಾಡುತ್ತದೆ, ಓಎಸ್ ಒಂದು ಫ್ರೇಮ್ ಹುಡುಕಿ ಪೇಜನ್ನು ಡಿಸ್ಕ್‌ನಿಂದ ತಂದು ಟೇಬಲ್ ತಿದ್ದುತ್ತದೆ, ಆಮೇಲೆ ಅದೇ ಇನ್‌ಸ್ಟ್ರಕ್ಷನ್ ಮತ್ತೆ ಓಡುತ್ತದೆ. ಆ ಅಡ್ರೆಸ್ಸೇ ಪ್ರೋಸೆಸ್‌ಗೆ ಸೇರಿದ್ದಲ್ಲದಿದ್ದರೆ ಸೆಗ್‌ಫಾಲ್ಟ್.

ಪ್ರ: ಫ್ರೇಮ್ ಜಾಸ್ತಿ ಕೊಟ್ಟರೆ ಫಾಲ್ಟ್ ಕಡಿಮೆ ಆಗಲೇಬೇಕಾ?
ಬೇಕಿಲ್ಲ. ಫೈಫೋದಲ್ಲಿ ಉಲ್ಟಾ ಆಗಬಹುದು, ಅದೇ ಬೆಲಾಡಿ ಅನಾಮಲಿ. ಈ ಸಾಲನ್ನು ಬಾಯಿಪಾಠ ಮಾಡಿ:

```
1 2 3 4 1 2 5 1 2 3 4 5
```

ಫೈಫೋ: 3 ಫ್ರೇಮ್‌ಗೆ 9 ಫಾಲ್ಟ್, 4 ಫ್ರೇಮ್‌ಗೆ 10. ಎಲ್‌ಆರ್‌ಯು: 3ಕ್ಕೆ 10, 4ಕ್ಕೆ 8. ನೋಡಿ, 3 ಫ್ರೇಮ್‌ನಲ್ಲಿ ಫೈಫೋನೇ ಗೆದ್ದಿದೆ! ಹಾಗಾಗಿ "ಎಲ್‌ಆರ್‌ಯು ಯಾವಾಗಲೂ ಮೇಲು" ಅನ್ನಬೇಡಿ. ಎಲ್‌ಆರ್‌ಯುನಲ್ಲಿ 3 ಫ್ರೇಮ್ ಇದ್ದಾಗ ಇರುವ ಪೇಜ್‌ಗಳೆಲ್ಲ 4 ಫ್ರೇಮ್ ಇದ್ದಾಗಲೂ ಇದ್ದೇ ಇರುತ್ತವೆ, ಅದಕ್ಕೇ ಅದರಲ್ಲಿ ಈ ಅನಾಮಲಿ ಬರಲ್ಲ, ಅಷ್ಟು ಹೇಳಿ.

ಪ್ರ: ಥ್ರ್ಯಾಶಿಂಗ್?
ಕೆಲಸಕ್ಕಿಂತ ಪೇಜ್ ತರೋದು, ಕಳಿಸೋದೇ ಜಾಸ್ತಿ ಆಗುವುದು. ಸಿಪಿಯು ಸುಮ್ನೆ ಕೂತಿದೆ ಅಂತ ಓಎಸ್ ಇನ್ನಷ್ಟು ಪ್ರೋಸೆಸ್ ಒಳಗೆ ಬಿಟ್ಟರೆ ಇನ್ನೂ ಹದಗೆಡುತ್ತದೆ. ಪರಿಹಾರ: ಪ್ರೋಸೆಸ್ ಕಡಿಮೆ ಮಾಡು, ಅಥವಾ ರ‍್ಯಾಮ್ ಹಾಕು. ಪೀಟರ್ ಡೆನ್ನಿಂಗ್ 1968ರಲ್ಲಿ ಬರೆದ ವರ್ಕಿಂಗ್ ಸೆಟ್ ಹೆಸರು ಎತ್ತಿದರೆ ಒಳ್ಳೆಯದು.

ಪ್ರ: `malloc` 1 ಜಿಬಿ ಕೊಟ್ಟಿತು. ರ‍್ಯಾಮ್ ಅಷ್ಟು ಖರ್ಚಾಯಿತಾ?
ಲಿನಕ್ಸ್‌ನಲ್ಲಿ ಇಲ್ಲ. ಸಿಕ್ಕಿದ್ದು ಬರೀ ಅಡ್ರೆಸ್. ಬರೆಯಲು ಹೋದಾಗ ಪೇಜ್ ಫಾಲ್ಟ್ ಆಗಿ ಒಂದೊಂದೇ ಫ್ರೇಮ್ ಸಿಗುತ್ತದೆ. ಇದನ್ನು ಓಡಲು ಬಿಟ್ಟು, ಇನ್ನೊಂದು ಟರ್ಮಿನಲ್‌ನಲ್ಲಿ `ps -o vsz,rss -C a.out` ಹೊಡೆದು ನೋಡಿ:

```c
char *p = malloc(1UL << 30);
sleep(60);
```

`VSZ` 1 ಜಿಬಿ ದಾಟಿರುತ್ತದೆ, `RSS` ಚಿಕ್ಕದೇ ಇರುತ್ತದೆ. ನಡುವೆ ಒಂದು `memset(p, 1, 1UL << 30);` ಹಾಕಿ ಮತ್ತೆ ಓಡಿಸಿದರೆ `RSS` ಕೂಡ ಏರುತ್ತದೆ.